ಮುಖ ಅಸಲಿ, ಅಂಗಿ ನಕಲಿ: ಫೋಟೋದಲ್ಲಿ ಬಟ್ಟೆ ಮಾತ್ರ ಬದಲಾಗುವುದು ಹೇಗೆ?

"ಮುಖ ಅವರದ್ದೇ ಇದೆಯಲ್ಲ, ಫೋಟೋ ಸುಳ್ಳಾಗಲು ಹೇಗೆ ಸಾಧ್ಯ?" ಪರಿಚಯದವರೊಬ್ಬರು ಖಾಕಿ ತೊಟ್ಟ ಅಥವಾ ಪಕ್ಷದ ಶಾಲು ಹೊದ್ದ ಫೋಟೋ ಗ್ರೂಪಿಗೆ ಬಂದಾಗ ನಾವೆಲ್ಲ ಹೀಗೇ ಯೋಚಿಸುತ್ತೇವೆ. ಆದರೆ ಮುಖವನ್ನು ಮುಟ್ಟದೆ ಬಟ್ಟೆಯನ್ನಷ್ಟೇ ಬದಲಿಸಬಹುದು. ಈ ವಿಧಾನದ ಹೆಸರು ಇನ್‌ಪೇಂಟಿಂಗ್.

ಪರೀಕ್ಷಿಸಲು, ಕಲಬುರಗಿಯ ನಮ್ಮ ಗೆಳೆಯರೊಬ್ಬರ ಒಪ್ಪಿಗೆ ಪಡೆದು, ಕಮಲಾಪುರದ ಕೆಂಪು ಬಾಳೆಹಣ್ಣಿನ ಅಂಗಡಿ ಮುಂದೆ ತೆಗೆದ ಅವರ ಫೋಟೋ ಬಳಸಿದೆವು. ಅವರು ತೊಟ್ಟಿದ್ದು ಬಿಳಿ ಅಂಗಿ. ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಆ ಅಂಗಿಯ ಮೇಲಷ್ಟೇ ಬ್ರಷ್ ಆಡಿಸಿ, ಖಾಕಿ ಅಂಗಿ ಬೇಕೆಂದು ಬರೆದೆವು. ಬ್ರಷ್ ಆಡಿಸಿದ ಜಾಗವೇ ಮಾಸ್ಕ್. ಅದರೊಳಗೆ ಮಾತ್ರ ಹೊಸ ಚಿತ್ರ ಮೂಡುತ್ತದೆ. ಹೊರಗೆ ಮೂಲ ಫೋಟೋವನ್ನೇ ಮತ್ತೆ ಕೂರಿಸಲಾಗುತ್ತದೆ. ಹಾಗಾಗಿ ಮುಖ ಇದ್ದಂತೆಯೇ ಉಳಿಯುತ್ತದೆ.

ಹಳೆಯ ಅಂಗಿ ಎಷ್ಟು ಅಳಿಯಬೇಕು ಎಂಬುದನ್ನು ನಿರ್ಧರಿಸುವುದು ಡಿನಾಯ್ಸಿಂಗ್ ಸ್ಟ್ರೆಂತ್. ಇದು 0ರಿಂದ 1ರವರೆಗೆ ಇರುತ್ತದೆ. 0.3 ಇಟ್ಟಾಗ ಮಡಿಕೆಗಳಷ್ಟೇ ತುಸು ಬದಲಾಗಿ, ಅಂಗಿ ಬಿಳಿಯಾಗಿಯೇ ಉಳಿಯಿತು. 0.75ಕ್ಕೆ ಖಾಕಿ ಬಂತು, ಭುಜದ ಆಕಾರವೂ ಉಳಿಯಿತು. 1ಕ್ಕೆ ಏರಿಸಿದಾಗ ಹಳೆಯ ಅಂಗಿಯ ಗುರುತೇ ಉಳಿಯದೆ, ಭುಜ ಕತ್ತಿಗೆ ಹೊಂದದಂತಾಯಿತು.

ಮಾಸ್ಕ್ ಬ್ಲರ್ ಎಂದರೆ ಹಳೆಯದು, ಹೊಸದು ಸೇರುವ ಅಂಚನ್ನು ಎಷ್ಟು ಪಿಕ್ಸೆಲ್ ಅಗಲಕ್ಕೆ ಬೆರೆಸಬೇಕು ಎಂಬ ಅಳತೆ. ಸೊನ್ನೆ ಇಟ್ಟರೆ ಕತ್ತಿನ ಬಳಿ ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಗೆರೆ ಕಾಣುತ್ತದೆ. 4ರ ಸುಮಾರಿಗೆ ಅಂಚು ಸಹಜವಾಗುತ್ತದೆ. 30 ದಾಟಿದರೆ ಬೆರಕೆ ಮಾಸ್ಕ್‌ನಾಚೆಗೂ ಹಬ್ಬಿ ಗದ್ದ, ಗಡ್ಡ ಮಸುಕಾಗುತ್ತವೆ. ಹಳೆಯ ಕಾಲರ್‌ನ ಬಿಳಿ ನೆರಳೂ ಇಣುಕುತ್ತದೆ.

ಆದ್ದರಿಂದ ಮುಖ ನೋಡಿ ನಂಬಬೇಡಿ. ಫೋಟೋ ಹಿಗ್ಗಿಸಿ, ಕತ್ತಿನ ಸುತ್ತ ನೋಡಿ. ಕೊರಳ ಸರ ಕಾಲರ್ ಬಳಿ ತಟ್ಟನೆ ಮಾಯವಾಗಿದೆಯೇ? ಭುಜದ ಮೇಲಿನ ಕೂದಲು ಅರ್ಧಕ್ಕೆ ನಿಂತಿದೆಯೇ? ಮುಖಕ್ಕೆ ಬಿಸಿಲು ಎಡದಿಂದ, ಅಂಗಿಗೆ ಬಲದಿಂದ ಬಿದ್ದಿದೆಯೇ? ಎದೆಯ ಬ್ಯಾಡ್ಜ್‌ನ ಅಕ್ಷರ ಓದಲು ಬರುತ್ತದೆಯೇ?

ಆದರೆ ಈ ಗುರುತು ಸಿಗಲಿಲ್ಲ ಎಂದ ಮಾತ್ರಕ್ಕೆ ಫೋಟೋ ನಿಜವಾಗುವುದಿಲ್ಲ. ವಾಟ್ಸ್‌ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳುಹಿಸುವಾಗ ಸಣ್ಣ ಸುಳಿವುಗಳು ಅಳಿಸಿಹೋಗುತ್ತವೆ. ಹಾಗಾಗಿ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಮುಖ, ಅದೇ ಭಂಗಿ, ಅದೇ ಹಿನ್ನೆಲೆ, ಆದರೆ ಬೇರೆ ಅಂಗಿ ಇರುವ ಹಳೆಯ ಫೋಟೋ ಸಿಕ್ಕರೆ, ನಿಮ್ಮ ಕೈಗೆ ಬಂದದ್ದು ತಿದ್ದಿದ್ದೆಂದು ಅನುಮಾನಿಸಲು ಅದು ಬಲವಾದ ಕಾರಣ. ಸಿಗದಿದ್ದರೆ ಫೋಟೋದಲ್ಲಿರುವವರನ್ನೇ ಕೇಳಿ. ಅಲ್ಲಿಯವರೆಗೆ ಫಾರ್ವರ್ಡ್ ಮಾಡಬೇಡಿ.