ಎರಡೇ ಭಾಷೆ ಸಾಕಂದ್ರೆ ಗಡಿಯ ಮರಾಠಿ ಶಾಲೆಯಲ್ಲಿ ಯಾವುದು ಹೋಗ್ತದ?

ಭಾಲ್ಕಿ: ಸಾಯಗಾಂವ ಕಡೆ ಅಂಗಡಿಗೆ ಬಂದ ಗಿರಾಕಿ ಮರಾಠಿಯಲ್ಲಿ ರೇಟು ಕೇಳ್ತಾನ, ಹಿಂದಿನವ ಕನ್ನಡದಲ್ಲಿ ಕೇಳ್ತಾನ, ಮೂರನೆಯವ ದಖನಿಯಲ್ಲಿ ಚೌಕಾಶಿ ಮಾಡ್ತಾನ. ಯಾರಿಗೂ ತೊಂದರೆ ಇಲ್ಲ. ಶಾಲೆಯೊಳಗೆ ಮಾತ್ರ ಈ ಲೆಕ್ಕ ಅಷ್ಟು ಸಲೀಸಿಲ್ಲ.

ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. ಮೂರು ಭಾಷೆ ಬದಲು ಎರಡು ಸಾಕು, ಕನ್ನಡ ಅಥವಾ ಮಾತೃಭಾಷೆ ಜೊತೆಗೆ ಇಂಗ್ಲಿಷ್ ಅಂತ ಅದರ ಶಿಫಾರಸು. ಬೆಂಗಳೂರಲ್ಲಿ ಚರ್ಚೆ ಎಲ್ಲಾ ಹಿಂದಿ ಬೇಕೋ ಬೇಡವೋ ಅನ್ನೋದರ ಮೇಲೆ. ನಮ್ಮ ತಾಲೂಕಿಗೆ ತಾಗೋದು ಹಿಂದಿ ಅಲ್ಲ, ನಡುವಿನ ‘ಅಥವಾ’ ಅನ್ನೋ ಶಬ್ದ.

ಹೇಗಂದ್ರೆ, ಕನ್ನಡ ಮಾಧ್ಯಮದ ಹುಡುಗನಿಗೆ ಕನ್ನಡ, ಇಂಗ್ಲಿಷ್, ಹಿಂದಿ ಇವೆ. ಒಂದು ತೆಗೆದ್ರೆ ಹಿಂದಿ ಹೋಗ್ತದ, ಲೆಕ್ಕ ಸರಿಯಾಯ್ತು. ಭಾಲ್ಕಿ, ಔರಾದ್ ತಾಲೂಕಿನ ಮರಾಠಿ ಮಾಧ್ಯಮದ ಹುಡುಗನಿಗೆ ಇರೋ ಮೂರು ಭಾಷೆ ಬೇರೆ: ಮರಾಠಿ, ಕನ್ನಡ, ಇಂಗ್ಲಿಷ್. ಇದರಲ್ಲಿ ಒಂದು ತೆಗೀಬೇಕಂದ್ರೆ ಯಾವುದು ತೆಗೀತೀರಿ? ಶಿಫಾರಸನ್ನ ಅಕ್ಷರಶಃ ಓದಿದ್ರೆ ಮರಾಠಿ, ಇಂಗ್ಲಿಷ್ ಉಳೀತಾವ, ಕನ್ನಡ ಹೊರಗೆ. ಆದರೆ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ಕನ್ನಡ ಮೊದಲನೇ ಇಲ್ಲವೇ ಎರಡನೇ ಭಾಷೆಯಾಗಿ ಇರಲೇಬೇಕು. ಕಾಯ್ದೆ ಪಾಲಿಸಿದ್ರೆ ಇಂಗ್ಲಿಷ್ ಹೊರಗೆ, ಅದನ್ನ ಯಾವ ಪಾಲಕರೂ ಒಪ್ಪೋದಿಲ್ಲ. ಬೀದರ್ ನಗರದ ಉರ್ದು ಶಾಲೆಗಳಿಗೂ ಇದೇ ಗಂಟು.

ಹಾಗಾದ್ರೆ ಮೂರು ಭಾಷೆಯ ಹೊರೆ ಸುಳ್ಳೇನು? ಸುಳ್ಳಲ್ಲ. ಆದರೆ ಹೊರೆಯನ್ನ ಭಾಷೆ ಎಣಿಸಿ ಅಳೀಬಾರದು, ಲಿಪಿ ಎಣಿಸಿ ಅಳೀಬೇಕು. ಮರಾಠಿ ಕಲಿತ ಮಗು ದೇವನಾಗರಿ ಓದ್ತದ, ಹಿಂದಿ ಬೋರ್ಡು ಅದಕ್ಕೆ ಪುಕ್ಕಟೆ ಬಂದಂಗೆ. ಹೊಸದಾಗಿ ಬರೋವು ಎರಡು: ಕನ್ನಡದ ಅಕ್ಷರ, ಇಂಗ್ಲಿಷ್ ಅಕ್ಷರ. ಎರಡೂ ಸಣ್ಣ ತರಗತಿಯಲ್ಲೇ ಒಟ್ಟಿಗೆ ಬಂದ್ರೆ ಮಗು ಅಕ್ಷರದ ಚಿತ್ರ ಬಿಡಿಸ್ತದ, ಓದೋದಿಲ್ಲ.

ಇನ್ನೊಂದು ತೊಡಕು ಯಾವ ವರದಿಯಲ್ಲೂ ಕಾಣೋದಿಲ್ಲ, ಅಂಗಡಿಯಲ್ಲಿ ಕಾಣ್ತದ. ಮರಾಠಿಯಲ್ಲಿ ‘ಎ’ಗೂ ‘ಏ’ಗೂ ಬೇರೆ ಬೇರೆ ಅಕ್ಷರ ಇಲ್ಲ, ‘ಒ’ಗೂ ‘ಓ’ಗೂ ಇಲ್ಲ, ಎರಡಕ್ಕೂ ಒಂದೊಂದೇ. ಅದಕ್ಕೇ ‘ಬೆಳೆ’ ಬರೆಯೋ ಜಾಗದಲ್ಲಿ ‘ಬೇಳೆ’ ಬರ್ತದ, ‘ಕೊಡು’ ಹೋಗಿ ‘ಕೋಡು’ ಆಗ್ತದ. ತೊಗರಿ ನಾಡಿನಲ್ಲಿ ಬೆಳೆಗೂ ಬೇಳೆಗೂ ಎಷ್ಟು ಫರಕು ಅಂತ ನಿಮಗೆ ಹೇಳಬೇಕಾಗಿಲ್ಲ. ಇದು ಹುಡುಗನ ದಡ್ಡತನ ಅಲ್ಲ, ಅವನ ಕಿವಿಗೆ ಆ ಫರಕು ಯಾರೂ ಕಲಿಸಿಲ್ಲ. ಕನ್ನಡ ಮಾತಾಡೋ ಮಕ್ಕಳಿಗೆ ಕಲಿಸೋ ರೀತಿಯಲ್ಲೇ ಇಲ್ಲೂ ಕಲಿಸಿದ್ರೆ ಈ ತಪ್ಪು ಹತ್ತನೇ ತರಗತಿವರೆಗೂ ಹಂಗೇ ಹೋಗ್ತದ.

ನಿಮ್ಮ ಮನೆ ಹುಡುಗ ನಿಜವಾಗಿ ಓದ್ತಾನೋ ಇಲ್ಲೋ ನೋಡಬೇಕಂದ್ರೆ ಪಠ್ಯಪುಸ್ತಕ ಕೊಡಬ್ಯಾಡ್ರಿ, ಪಾಠ ಬಾಯಿಪಾಠ ಆಗಿರ್ತದ. ಬಸ್ಸಿನ ಬೋರ್ಡು ಇಲ್ಲಾಂದ್ರೆ ಪಂಚಾಯಿತಿ ನೋಟಿಸು ತೋರಿಸಿ ಓದಿಸ್ರಿ, ಆಮೇಲೆ ಅರ್ಥ ಮರಾಠಿಯಲ್ಲಿ ಕೇಳ್ರಿ. ಏಳನೇ ತರಗತಿಯವ ಇಷ್ಟಕ್ಕೆ ತಡವರಿಸಿದ್ರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನೂರಕ್ಕೆ ಎಷ್ಟು ಬಂದ್ರೂ ಅದರಿಂದ ಮುಂದೆ ಉಪಯೋಗ ಕಡಿಮೆ.

ಮುಂದೆ ಅಂದ್ರೆ ನೌಕರಿ. 371ಜೆ ಮೀಸಲಾತಿ ಸ್ಥಳೀಯರಿಗೆ ಅದ, ಮರಾಠಿ ಮನೆಯವರಿಗೂ ಅದ. ಆದರೆ ಎಫ್‌ಡಿಎ, ಎಸ್‌ಡಿಎ ಹುದ್ದೆಗೆ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ 150ಕ್ಕೆ 50 ತಗೋಳಲೇಬೇಕು. ಅದು ಬರದಿದ್ರೆ ಮೀಸಲಾತಿ ಸರ್ಟಿಫಿಕೇಟು ಟ್ರಂಕಿನಲ್ಲೇ ಇರ್ತದ. ಕನ್ನಡ ತೆಗೆದು ಮಗುವಿನ ಹೊರೆ ಇಳಿಸ್ತೀವಿ ಅನ್ನೋರು ಈ ಲೆಕ್ಕ ಹಾಕಿದಂಗೆ ಕಾಣೋದಿಲ್ಲ.

ಈ ಬರಹಗಾರನ ಅಭಿಪ್ರಾಯ ಇಷ್ಟು. ಕನ್ನಡ ಶಾಲೆಗೆ ಎರಡು ಭಾಷೆ ಅಂತ ಸರ್ಕಾರ ಮಾಡಲಿ ಬಿಡಲಿ, ಮರಾಠಿ, ಉರ್ದು ಮಾಧ್ಯಮಕ್ಕೆ ಮೂರು ಇರಲಿ ಅಂತ ಆದೇಶದಲ್ಲಿ ಬೇರೆಯಾಗಿ ಬರೀಬೇಕು. ಆದರೆ ಲಿಪಿ ಒಂದಾದ ಮೇಲೆ ಒಂದು ಬರಲಿ. ಮೊದಲ ಎರಡು ವರ್ಷ ಕನ್ನಡ ಬರೀ ಮಾತು, ಹಾಡು, ಕಥೆ. ಆ ಹೊತ್ತಿಗೆ ‘ಎ’, ‘ಏ’ ಫರಕು ಕಿವಿಗೆ ಕೂಡ್ತದ. ಮರಾಠಿ ಓದು ಗಟ್ಟಿಯಾದ ಮೇಲೆ ಮೂರನೇ ತರಗತಿಯಿಂದ ಕನ್ನಡ ಅಕ್ಷರ, ಅದಾದ ಮೇಲೆ ಇಂಗ್ಲಿಷ್ ಬರವಣಿಗೆ. ಮತ್ತೆ, ಎರಡೂ ಭಾಷೆ ಬಲ್ಲ ಕನ್ನಡ ಶಿಕ್ಷಕರು ಬೇಕು. ದಕ್ಷಿಣದ ಜಿಲ್ಲೆಯಿಂದ ಬಂದು ಒಂದು ಶಬ್ದ ಮರಾಠಿ ತಿಳಿಯದ ಮಾಸ್ತರರು ಒಂದನೇ ತರಗತಿಯಲ್ಲಿ ಎಷ್ಟು ಪ್ರಾಮಾಣಿಕರಿದ್ದರೂ ಸೋಲ್ತಾರ.

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಇಲ್ಲಿನ ಹಿರಿಯರಿಗೆಲ್ಲ ಗೊತ್ತು. ಈಗ ಆ ಸ್ಥಿತಿ ಇಲ್ಲ, ಬೋರ್ಡು ಬಚ್ಚಿಡಬೇಕಾಗಿಲ್ಲ. ಆಯೋಗದ್ದು ಇನ್ನೂ ಶಿಫಾರಸು, ಆದೇಶ ಬೇರೆ. ಆದೇಶ ಆಗುವ ಮುಂಚೆ ಗಡಿ ಶಾಲೆಗಳ ಎಸ್‌ಡಿಎಂಸಿಯವರು ಠರಾವು ಪಾಸು ಮಾಡಿ ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಂಡ್ರೆ ಆ ‘ಅಥವಾ’ ಬಗ್ಗೆ ನಮ್ಮ ಮಾತೂ ಕಾಗದದ ಮೇಲೆ ಇರ್ತದ.