625 ಬೇರೆ, 600 ಬೇರೆ

ಗೋನೆಗಂಡ್ಲದ ಹುಡುಗಿ ಆಂಧ್ರದ ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ರಾಯಚೂರಿನ ಸೋದರಮಾವನ ಮನೆಗೆ ಬಂದಳು ಎಂದಿಟ್ಟುಕೊಳ್ಳಿ. ಅವಳಿಗೆ 480 ಅಂಕ. ಮಾವನ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 520. 'ನೋಡವ್ವಾ, 40 ಕಡಿಮೆ ಬಿದ್ದಾವ, ಸೈನ್ಸ್ ನಿನಗ ಆಗಾಕಿಲ್ಲ, ಆರ್ಟ್ಸ್ ತಗೋ' ಎಂಬ ಮಾತು ಮನೆಯಲ್ಲೇ ಹುಟ್ಟುತ್ತದೆ. ಒಂದು ತಪ್ಪು ಲೆಕ್ಕದಿಂದ ಮಗುವಿನ ದಾರಿಯೇ ಬದಲಾಗುತ್ತದೆ.

2025ರ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಆಂಧ್ರದಲ್ಲಿ ಆರು ವಿಷಯಗಳಿಗೆ ತಲಾ 100ರಂತೆ ಒಟ್ಟು 600. ಅಷ್ಟೂ ಪರೀಕ್ಷೆಯಲ್ಲಿ ಬರೆದು ಗಳಿಸಿದ್ದು. ಕರ್ನಾಟಕದಲ್ಲಿ ಒಟ್ಟು 625. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಇದರಲ್ಲಿ ಪ್ರಥಮ ಭಾಷೆಯ 25, ಉಳಿದ ವಿಷಯಗಳ ತಲಾ 20 ಆಂತರಿಕ ಅಂಕಗಳು. ಅವನ್ನು ಕೊಡುವುದು ಮಗು ಓದಿದ ಶಾಲೆಯೇ. ಹೀಗೆ 125 ಅಂಕ ಶಾಲೆಯ ಕೈಯಲ್ಲಿವೆ, ಬರವಣಿಗೆಗೆ ಉಳಿಯುವುದು 500.

ಮೊದಲು ಎರಡನ್ನೂ ಶೇಕಡಾ ಮಾಡಿ. 600ಕ್ಕೆ 480 ಎಂದರೆ ಶೇ. 80. 625ಕ್ಕೆ 520 ಎಂದರೆ ಶೇ. 83.2. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನೊಂದು ಹೆಜ್ಜೆ ಬೇಕು. ಹುಡುಗನ ಅಂಕಪಟ್ಟಿಯಲ್ಲಿ ಆಂತರಿಕ ಅಂಕ 120 ಇದ್ದರೆ, ಅವನು ಬರೆದು ಗಳಿಸಿದ್ದು 500ಕ್ಕೆ 400. ಅದೂ ಶೇ. 80! ನಲವತ್ತು ಅಂಕದ ಅಂತರ ಎಲ್ಲಿ ಹೋಯಿತು? ಬರವಣಿಗೆಯಲ್ಲಿ ಇಬ್ಬರೂ ಸಮ.

ವಿಷಯವಾರು ನೋಡುವಾಗಲೂ ಇದೇ ಕ್ರಮ. ಗಣಿತದಲ್ಲಿ ಅವನ 80ರಲ್ಲಿ 20 ಆಂತರಿಕವಾದರೆ ಬರೆದದ್ದು 80ಕ್ಕೆ 60, ಅಂದರೆ ಶೇ. 75. ಹುಡುಗಿಯ 75ಕ್ಕೆ ಅದು ಸರಿಸಮ. ವಿಜ್ಞಾನದಲ್ಲಿ ಆಂಧ್ರದವರಿಗೆ ಭೌತವಿಜ್ಞಾನ 50, ಜೀವವಿಜ್ಞಾನ 50 ಎಂದು ಎರಡು ಪತ್ರಿಕೆ. ಪಿಯುಸಿಯಲ್ಲಿ ಯಾವ ಕಾಂಬಿನೇಶನ್ ಎಂದು ಯೋಚಿಸುವಾಗ ಅವೆರಡನ್ನೂ ಬಿಡಿಬಿಡಿಯಾಗಿ ನೋಡುವುದು ಒಳ್ಳೆಯದು.

ಅಣ್ಣ-ಅಕ್ಕಂದಿರ ಹಳೇ ಪಟ್ಟಿ ಹಿಡಿದು ಹೋಲಿಸಬೇಡಿ. ಆಂಧ್ರದಲ್ಲೂ 2019ರ ಪರೀಕ್ಷೆಗೆ 20 ಆಂತರಿಕ ಅಂಕಗಳಿದ್ದವು, ಫಲಿತಾಂಶ ಗ್ರೇಡ್‌ನಲ್ಲಿತ್ತು.

ಈ ಲೆಕ್ಕಕ್ಕೂ ಮಿತಿ ಉಂಟು. ಎರಡು ಕಡೆಯ ಪ್ರಶ್ನೆಪತ್ರಿಕೆ ಒಂದೇ ಅಲ್ಲ, ಪಾಠವೂ ಒಂದೇ ಅಲ್ಲ. ಎರಡು ಮೂರು ಅಂಕದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಸಂಶಯವಿದ್ದರೆ ಕರ್ನಾಟಕದ ಹಳೆಯ ಗಣಿತ ಪ್ರಶ್ನೆಪತ್ರಿಕೆಯೊಂದನ್ನು ಮಗುವಿಗೆ ಕೊಟ್ಟು, ಗಡಿಯಾರ ಇಟ್ಟು ಬರೆಸಿ ನೋಡಬಹುದು.

ಒಟ್ಟು ಶೇಕಡಾ ನೋಡಿಯೇ ಸೀಟು ಹಂಚುವ ಕಾಲೇಜಿನಲ್ಲಿ ಗಡಿಯಾಚೆಯ ಮಗು ಹಿಂದೆ ಬೀಳುತ್ತದೆ. ಅಂಥ ಕಡೆ ಪ್ರಾಚಾರ್ಯರು ಬರವಣಿಗೆಯ ಅಂಕವನ್ನೂ ಪಕ್ಕದಲ್ಲಿಟ್ಟು ನೋಡಲಿ. ಅಲ್ಲಿಯವರೆಗೆ ಮನೆಯಲ್ಲಾದರೂ ಪಾಲಕರು ಈ ಲೆಕ್ಕ ಮಾಡದೆ 'ನಿನಗ ಆಗಾಕಿಲ್ಲ' ಎಂದು ಹೇಳಬಾರದು.