ಗಂಡ ಮನೆಯಲ್ಲಿ, ಮನಸ್ಸು ಆಫೀಸಿನಲ್ಲಿ: ಪ್ರೀತಿ ಕಡಿಮೆಯಾಗಿದೆಯೇ?

ಪರಶುರಾಂಪುರದ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ಗಂಡ ಎಂದುಕೊಳ್ಳಿ. ರಾತ್ರಿ 8ಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಕೂರುತ್ತಾನೆ. ಮಗಳ ಜ್ವರದ ಬಗ್ಗೆ ಹೆಂಡತಿ ಹೇಳಿದರೆ ‘ಹೂಂ’ ಅನ್ನುತ್ತಾನೆ, ಐದು ನಿಮಿಷ ಬಿಟ್ಟು ಅದನ್ನೇ ಕೇಳುತ್ತಾನೆ. ಪ್ರೀತಿಯೇ ಇಲ್ಲ ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಗಮನದ ಒಂದು ಪಾಲು ಅಲ್ಲೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಹಾಗಾಗಿ ಫೋನ್ ಬದಿಗಿಟ್ಟರಷ್ಟೇ ಸಾಲದು. ಬಾಕಿ ಕೆಲಸಕ್ಕೆ ಖಚಿತ ಯೋಜನೆ ಇದ್ದರೆ ಅದು ತಲೆ ತಿನ್ನುವುದು ಕಡಿಮೆ ಎಂದು 2011ರ ಇನ್ನೊಂದು ಅಧ್ಯಯನ ಹೇಳಿತು. ಏಳುವ ಮುನ್ನ ‘ನಾಳೆ 9.30ಕ್ಕೆ, ಮೂರನೇ ಪುಟದಿಂದ’ ಎಂದು ಚೀಟಿ ಬರೆದಿಟ್ಟರೆ ಆಯಿತು.

ದಂಪತಿಯ ಒಪ್ಪಂದವೂ ಇಷ್ಟೇ ನಿಖರವಾಗಿರಲಿ: 8ರಿಂದ 9.30 ಮನೆಗೆ, ತುರ್ತಿದ್ದರೆ ಆಫೀಸಿನವರು ಕರೆ ಮಾಡಲಿ, ಮೆಸೇಜ್ ನೋಡುವುದಿಲ್ಲ. ಆದರೆ ರಾತ್ರಿಯೂ ಉತ್ತರ ಬಯಸುವ ಮೇಲಧಿಕಾರಿಯಿದ್ದರೆ ಚೀಟಿ ಏನೂ ಮಾಡದು. ಆಗ ಮಾತಾಡಬೇಕಾದ್ದು ಅವರ ಜೊತೆ.